ಹೊಟ್ಟೆಯಲ್ಲೊಂದು ಮಗು, ಸೊಂಟದಲ್ಲೊಂದು ಮಗು, ಅಂಗಳದಲ್ಲಿ ಬೆಕ್ಕು: ಟಾಕ್ಸೊಪ್ಲಾಸ್ಮಾ ಮತ್ತು ಸಿಎಂವಿ ತಡೆಯುವ ಕ್ರಮ

ಮನೆಯಲ್ಲಿ ಸೊಸೆ ಬಸುರಿ ಎಂದು ಗೊತ್ತಾದ ಕೂಡಲೇ ಬೆಕ್ಕನ್ನು ಗೋಣಿಚೀಲದಲ್ಲಿ ತುಂಬಿ ಎಲ್ಲೋ ದೂರ ಬಿಟ್ಟು ಬರುವುದು ನಮ್ಮ ಕಡೆ ಮಾಮೂಲು. ಬೆಕ್ಕು ಹೋಯಿತು, ಅಪಾಯ ಹೋಯಿತು ಎಂದು ಎಲ್ಲರೂ ನಿರಾಳ. ಆದರೆ ಅದೇ ಬೆಕ್ಕು ತಿಂಗಳುಗಟ್ಟಲೆ ಕೆರೆದು ಮುಚ್ಚಿದ ಹೊಯ್ಗೆ ರಾಶಿ ಅಂಗಳದಲ್ಲೇ ಇರುತ್ತದೆ. ದೊಡ್ಡ ಮಗು ಅದರಲ್ಲೇ ಆಡುತ್ತದೆ, ಆಮೇಲೆ ಬಂದು ಅರ್ಧ ತಿಂದ ಬಾಳೆಹಣ್ಣನ್ನು ಅಮ್ಮನ ಬಾಯಿಗೆ ತುರುಕುತ್ತದೆ. ಅಮ್ಮ ನಗುತ್ತಾ ತಿನ್ನುತ್ತಾಳೆ.

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ, ಎಲ್ಲಿಂದ ಪ್ರಶ್ನೆ ಬಂದರೂ ತಪ್ಪು ಹೆಚ್ಚುಕಡಿಮೆ ಒಂದೇ. ಬೆಕ್ಕಿಗೆ ಹೆದರುತ್ತಾರೆ, ಮಗುವಿನ ಜೊಲ್ಲಿಗೆ ಹೆದರುವುದಿಲ್ಲ. ಕಕ್ಕದ ಮೇಲೆ ಫಿನಾಯಿಲ್ ಸುರಿಯುತ್ತಾರೆ, ಕೈಗೆ ಸೋಪು ಹಾಕುವುದಿಲ್ಲ. ಕೊನೆಗೆ ಲ್ಯಾಬಿನ ಚೀಟಿಯಲ್ಲಿ ‘ಪಾಸಿಟಿವ್’ ಎಂದು ಕಂಡ ಕೂಡಲೇ ರಾತ್ರಿಯಿಡೀ ಅಳುತ್ತಾರೆ. ಟಾಕ್ಸೊಪ್ಲಾಸ್ಮಾ ಬೆಕ್ಕಿನ ಕಕ್ಕ ಸೇರಿದ ಮಣ್ಣಿನಿಂದ ಬರುವ ಸೋಂಕು, ಸಿಎಂವಿ ಚಿಕ್ಕ ಮಕ್ಕಳ ಜೊಲ್ಲು ಉಚ್ಚೆಯಿಂದ ಬರುವ ವೈರಸ್, ಬಸುರಿಗೆ ತಗಲಿದರೆ ಎರಡೂ ಹೊಟ್ಟೆಯ ಮಗುವಿಗೆ ದಾಟಬಹುದು. ಅದಕ್ಕೇ ಏನು ಮೊದಲು, ಏನು ಆಮೇಲೆ ಎಂದು ಒಮ್ಮೆ ಬಿಡಿಸಿ ಬರೆಯುತ್ತಿದ್ದೇನೆ.

ಮಾತಿಗೆ ಒಂದು ಮನೆ ಇಟ್ಟುಕೊಳ್ಳೋಣ. ಬದಿಯಡ್ಕದಿಂದ ಸ್ವಲ್ಪ ಒಳಗೆ, ತೋಟದ ಮನೆ. ಹೆಂಡತಿಗೆ 11 ವಾರ. ಮೊದಲ ಮಗನಿಗೆ ಎರಡೂವರೆ ವರ್ಷ, ಪಕ್ಕದ ಮನೆಯ ಮಕ್ಕಳ ಹಿಂದೆಯೇ ಓಡಿ ಅಂಗನವಾಡಿಯಲ್ಲಿ ಹೋಗಿ ಕೂರುತ್ತಾನೆ. ಹಟ್ಟಿಯ ಅಟ್ಟದಲ್ಲಿ ಬೆಕ್ಕು ಮರಿ ಹಾಕಿದೆ. ಬಚ್ಚಲುಮನೆ ರಿಪೇರಿಗೆಂದು ತರಿಸಿದ ಹೊಯ್ಗೆ ಅಂಗಳದ ಮೂಲೆಯಲ್ಲಿ ಬಿದ್ದಿದೆ. ಮನೆಯಲ್ಲಿ ಅತ್ತೆ, ಮಾವ, ಗಂಡ.

## ಶುರು ಮಾಡುವ ಮೊದಲು ಬೇಕಾದ ಸಾಮಾನು

ದುಬಾರಿಯದ್ದೇನೂ ಬೇಡ. ಮಾಮೂಲು ಸೋಪು ಮೂರು ನಾಲ್ಕು. ಒಂದು ಜೊತೆ ಉದ್ದ ರಬ್ಬರ್ ಗ್ಲೌಸ್. ಹೊಯ್ಗೆ ಮುಚ್ಚಲು ಟಾರ್ಪಾಲು, ಅಂಚಿಗೆ ಇಡಲು ನಾಲ್ಕು ಕಲ್ಲು. ಬೆಕ್ಕಿನ ಕಕ್ಕ ತೆಗೆಯಲೆಂದೇ ಒಂದು ಚಿಕ್ಕ ಸಲಿಕೆ, ಅದು ಬೇರೆ ಯಾವ ಕೆಲಸಕ್ಕೂ ಹೋಗಬಾರದು. ಮಗುವಿಗೆ ಪ್ರತ್ಯೇಕ ಬಟ್ಟಲು, ಚಮಚ, ಲೋಟ, ಬೇರೆ ಬಣ್ಣದ್ದಾದರೆ ಒಳ್ಳೆಯದು, ಅರೆನಿದ್ದೆಯಲ್ಲೂ ಗುರುತು ಸಿಗುತ್ತದೆ. ಇಷ್ಟೇ.

## ಹಂತ 1: ಎರಡು ದಾರಿ ಬೇರೆ ಬೇರೆ ಎಂದು ತಿಳಿದುಕೊಳ್ಳಿ

ಟಾಕ್ಸೊಪ್ಲಾಸ್ಮಾ ಒಂದು ಪರೋಪಜೀವಿ. ಬೆಕ್ಕು ಇಲಿಯನ್ನೋ ಹಕ್ಕಿಯನ್ನೋ ಹಸಿ ಮಾಂಸವನ್ನೋ ತಿಂದಾಗ ಅದರ ಹೊಟ್ಟೆಗೆ ಸೇರುತ್ತದೆ. ಆಮೇಲೆ ಒಂದರಿಂದ ಮೂರು ವಾರ ಬೆಕ್ಕಿನ ಕಕ್ಕದಲ್ಲಿ ಗಟ್ಟಿ ಚಿಪ್ಪಿನ, ಕಣ್ಣಿಗೆ ಕಾಣದ ಮೊಟ್ಟೆಯಂಥ ಕಣಗಳು ಲಕ್ಷಗಟ್ಟಲೆ ಬರುತ್ತವೆ. ಸಾಮಾನ್ಯವಾಗಿ ಬೆಕ್ಕಿನ ಜೀವನದಲ್ಲಿ ಇದು ಒಂದೇ ಸಲ ಆಗುವುದು. ಹಾಗಾಗಿ ಹತ್ತು ವರ್ಷದಿಂದ ಜಗಲಿಯಲ್ಲಿ ಮಲಗಿರುವ ಮುದಿ ಬೆಕ್ಕಿಗಿಂತ, ಈಗಷ್ಟೇ ಬೇಟೆ ಕಲಿಯುತ್ತಿರುವ ಮರಿಗಳ ಮೇಲೆ ಕಣ್ಣಿಡಬೇಕು.

ಇನ್ನೊಂದು ವಿಷಯ. ಆಗಷ್ಟೇ ಹಾಕಿದ ಕಕ್ಕದಿಂದ ಸೋಂಕು ತಗಲುವುದಿಲ್ಲ. ಆ ಕಣ ಹೊರಗಿನ ಗಾಳಿ ಮತ್ತು ತೇವದಲ್ಲಿ ಒಂದರಿಂದ ಐದು ದಿನ ಬಲಿತ ಮೇಲೆಯೇ ಅಪಾಯಕಾರಿ ಆಗುವುದು. ಬಲಿತದ್ದು ನೆರಳಿನ ಒದ್ದೆ ಮಣ್ಣಿನಲ್ಲಿ ವರ್ಷಕ್ಕಿಂತಲೂ ಹೆಚ್ಚು ಉಳಿಯಬಲ್ಲದು. ನಮ್ಮ ಮಳೆಗಾಲ, ಅಡಿಕೆ ತೋಟದ ನೆರಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಬೆಕ್ಕನ್ನು ಮುಟ್ಟಿದರೆ, ತಲೆ ಸವರಿದರೆ ಬರುವ ಕಾಯಿಲೆ ಇದಲ್ಲ. ಬಲಿತ ಕಣ ಬಾಯಿಯೊಳಗೆ ಹೋಗಬೇಕು. ಅದು ಹೋಗುವುದು ಮಣ್ಣಿನ ಕೈಯಿಂದ, ಸರಿಯಾಗಿ ತೊಳೆಯದ ಸೊಪ್ಪಿನಿಂದ, ನೀರಿನಿಂದ. ಬೆಕ್ಕಿಗೆ ಸಂಬಂಧವೇ ಇಲ್ಲದ ಇನ್ನೊಂದು ದಾರಿಯೂ ಇದೆ: ಸರಿಯಾಗಿ ಬೇಯದ ಮಾಂಸ.

ಸಿಎಂವಿ, ಅಂದರೆ ಸೈಟೊಮೆಗಲೊವೈರಸ್, ಬೇರೆಯೇ ಕಥೆ. ಅದು ಮನುಷ್ಯರಿಂದ ಮನುಷ್ಯರಿಗೆ ಬರುವ ವೈರಸ್, ಬೆಕ್ಕಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಒಮ್ಮೆ ತಗಲಿದರೆ ಅವರ ಜೊಲ್ಲು ಮತ್ತು ಉಚ್ಚೆಯಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೇಲೆ, ವೈರಸ್ ಹೊರಬರುತ್ತಲೇ ಇರುತ್ತದೆ. ಮಗು ಮಾತ್ರ ಗುಂಡುಕಲ್ಲಿನ ಹಾಗೆ ಚೆನ್ನಾಗಿರುತ್ತದೆ. ನೆಗಡಿ ಇಲ್ಲ, ಜ್ವರ ಇಲ್ಲ. ಅದಕ್ಕೇ ಯಾರಿಗೂ ಸಂಶಯ ಬರುವುದಿಲ್ಲ.

‘ನನಗೆ ಸಿಎಂವಿ ಮೊದಲೇ ಬಂದು ಹೋಗಿದೆಯಂತೆ, ಹಾಗಾದ್ರೆ ಭಯ ಇಲ್ಲ ಅಲ್ವಾ?’ ಎಂದು ಕೇಳುವವರು ಬಹಳ. ನಮ್ಮ ದೇಶದಲ್ಲಿ ಹತ್ತು ಹೆಂಗಸರಲ್ಲಿ ಎಂಟೊಂಬತ್ತು ಜನರಿಗೆ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ, ನಿಜ. ಬಸುರಿಯಲ್ಲಿ ಮೊದಲ ಸಲ ಬಂದರೆ ಸುಮಾರು ಮೂರರಲ್ಲಿ ಒಂದು ಮಗುವಿಗೆ ದಾಟುತ್ತದೆ. ಮೊದಲೇ ಬಂದು ಹೋಗಿದ್ದವರಲ್ಲಿ ದಾಟುವುದು ನೂರಕ್ಕೆ ಒಂದರ ಆಸುಪಾಸು. ಕಡಿಮೆಯೇ, ಆದರೆ ಸೊನ್ನೆ ಅಲ್ಲ. ಹಳೆಯದು ಮತ್ತೆ ಎದ್ದೇಳಬಹುದು, ಅಥವಾ ಅದೇ ವೈರಸ್ಸಿನ ಬೇರೆ ತಳಿ ಹೊಸದಾಗಿ ತಗಲಬಹುದು. ಹಾಗೆ ದಾಟಿದರೂ ಮಗುವಿನ ಕಿವಿ ಮಂದವಾಗುವುದುಂಟು. ಹಾಗಾಗಿ ಮುಂದಿನ ಹಂತ ಎಲ್ಲರಿಗೂ.

## ಹಂತ 2: ಇವತ್ತೇ ಶುರು ಮಾಡುವುದು ಎಂಜಲಿನಿಂದ

ಟಾರ್ಪಾಲು ತರಲು ನಾಳೆ ಪೇಟೆಗೆ ಹೋದರೂ ನಡೆಯುತ್ತದೆ. ಇದು ಮಾತ್ರ ಇವತ್ತಿನ ಊಟದಿಂದಲೇ. ಬೆಕ್ಕಿನ ಕಕ್ಕ ಬಾಯಿಗೆ ಬರುವುದು ಯಾವತ್ತೋ ಒಂದು ದಿನ. ಮಗುವಿನ ಜೊಲ್ಲು ದಿನಕ್ಕೆ ಹತ್ತಿಪ್ಪತ್ತು ಸಲ ಬರುತ್ತದೆ.

ಬದಿಯಡ್ಕದ ಆ ಮನೆಯ ಬೆಳಗ್ಗೆಯನ್ನೇ ನೋಡಿ. ಮಗನಿಗೆ ಕುಚ್ಚಲಕ್ಕಿ ಗಂಜಿ. ಬಿಸಿ ಎಷ್ಟಿದೆ ಎಂದು ಅಮ್ಮ ಪ್ರತಿ ಚಮಚವನ್ನೂ ತನ್ನ ತುಟಿಗೆ ತಾಗಿಸಿ ನೋಡುತ್ತಾಳೆ. ಮೊದಲ ಚಮಚಕ್ಕೆ ತೊಂದರೆಯಿಲ್ಲ, ಎರಡನೆಯದರಿಂದ ಆ ಚಮಚ ಮಗುವಿನ ಬಾಯಿಂದ ಬಂದದ್ದು. ನಾಲ್ಕು ತುತ್ತು ತಿಂದು ಅವನು ಓಡುತ್ತಾನೆ. ‘ಅನ್ನ ಚೆಲ್ಲಬಾರದು’ ಎಂದು ಉಳಿದ ಗಂಜಿಯನ್ನು ಅದೇ ಚಮಚದಲ್ಲಿ ಅಮ್ಮ ಮುಗಿಸುತ್ತಾಳೆ. ಬೇರೆ ಯಾರ ಎಂಜಲನ್ನೂ ಮುಟ್ಟದವಳು ಮಗುವಿನದ್ದನ್ನು ಮಾತ್ರ ಎಂಜಲು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಧ್ಯದಲ್ಲಿ ನೇಂದ್ರ ಬಾಳೆಹಣ್ಣು ಕಚ್ಚಿ ತುಂಡು ಮಾಡಿ ಕೊಡುತ್ತಾಳೆ, ಅವನು ಅರ್ಧ ಜಗಿದು ‘ಅಮ್ಮಾ, ಆ…’ ಎಂದು ವಾಪಸ್ ಕೊಡುತ್ತಾನೆ. ಸಂಜೆ ಅವನ ಹಲ್ಲುಜ್ಜುವ ಬ್ರಶ್ ಅಮ್ಮನ ಬ್ರಶ್ಶಿನ ಜೊತೆ ಒಂದೇ ಲೋಟದಲ್ಲಿ, ತಲೆಗೆ ತಲೆ ತಾಗಿಸಿಕೊಂಡು ನಿಂತಿರುತ್ತದೆ.

ಬದಲಾಯಿಸಬೇಕಾದ್ದು ಇಷ್ಟು. ಬಿಸಿ ನೋಡುವುದು ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಹಾಕಿ, ತುಟಿಗೆ ಅಲ್ಲ. ಬಟ್ಟಲಿಗೆ ಮೊದಲೇ ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಹಾಕಿ, ಆಗ ಉಳಿಯುವುದೇ ಕಡಿಮೆ. ಉಳಿದರೆ ಹಟ್ಟಿಗೆ ಹೋಗಲಿ, ನಿಮ್ಮ ಹೊಟ್ಟೆಗೆ ಬೇಡ. ಹಣ್ಣನ್ನು ಕತ್ತಿಯಲ್ಲಿ ಹೆಚ್ಚಿ. ಮಗು ಪ್ರೀತಿಯಿಂದ ಬಾಯಿಗೆ ತಂದಾಗ ‘ಛೀ’ ಎಂದು ತಳ್ಳಬೇಕಾಗಿಲ್ಲ, ಅದರ ಮುಖ ಸಣ್ಣಗಾಗುತ್ತದೆ. ಕೈಯಲ್ಲಿ ತೆಗೆದುಕೊಂಡು ತಿಂದ ಹಾಗೆ ನಟಿಸಿ, ಆಮೇಲೆ ಕೈ ತೊಳೆದುಕೊಳ್ಳಿ. ಮುತ್ತು ಕೊಡಿ, ಧಾರಾಳವಾಗಿ ಕೊಡಿ, ತಲೆಗೆ, ಹಣೆಗೆ. ತುಟಿಗೆ ಮತ್ತು ಜೊಲ್ಲು ಇಳಿದ ಕೆನ್ನೆಗೆ ಮಾತ್ರ ಬೇಡ. ಬ್ರಶ್ಶಿಗೆ ಬೇರೆ ಲೋಟ. ಕೆಳಗೆ ಬಿದ್ದ ಬಾಟಲಿ ನಿಪ್ಪಲನ್ನು ನಿಮ್ಮ ಬಾಯಲ್ಲಿ ಚೀಪಿ ‘ಕ್ಲೀನ್’ ಮಾಡುವ ಅಭ್ಯಾಸ ಇದ್ದರೆ ಅದೂ ಇವತ್ತಿಗೆ ನಿಲ್ಲಬೇಕು.

ಇದರಿಂದ ನಿಜಕ್ಕೂ ಪ್ರಯೋಜನ ಉಂಟಾ ಎಂದರೆ, ಉಂಟು. ಇಟಲಿಯಲ್ಲಿ ಇದುವರೆಗೆ ಸಿಎಂವಿ ಬಾರದ, ಚಿಕ್ಕ ಮಕ್ಕಳ ಒಡನಾಟವಿದ್ದ ಗರ್ಭಿಣಿಯರಿಗೆ ಇಂಥದೇ ಸಲಹೆ ಕೊಟ್ಟು ನೋಡಿದರು. 2015ರಲ್ಲಿ ಫಲಿತಾಂಶ ಬಂತು. ಸಲಹೆ ಸಿಕ್ಕವರಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಸೋಂಕು, ಸಿಗದವರಲ್ಲಿ ಏಳೆಂಟು. ಔಷಧಿಯಿಲ್ಲ, ಲಸಿಕೆಯಿಲ್ಲ, ಬರೀ ಎಂಜಲು ಮತ್ತು ಸೋಪಿನ ಲೆಕ್ಕ.

ಇಲ್ಲಿ ಸೋಲುವುದು ಎಲ್ಲಿ ಗೊತ್ತಾ? ಅತ್ತೆಯ ಹತ್ತಿರ. ‘ನಾವೆಲ್ಲ ಮಕ್ಕಳನ್ನು ಹೆತ್ತಿಲ್ವಾ, ಮಗುವಿನ ಬಾಯಿ ದೇವರ ಬಾಯಿ’ ಎಂದು ಅವರೇ ಉಳಿದ ಅನ್ನ ಕಲಸಿ ಸೊಸೆಯ ಮುಂದೆ ಇಡುತ್ತಾರೆ. ವಾದ ಮಾಡಬೇಡಿ. ‘ಡಾಕ್ಟ್ರು ಹೇಳಿದ್ದಾರೆ ಅತ್ತೆ, ಹೆರಿಗೆ ಆಗುವ ತನಕ ಮಾತ್ರ’ ಎಂದರೆ ಸಾಕು. ಗಡುವು ಇದ್ದರೆ ಹಿರಿಯರು ಒಪ್ಪುತ್ತಾರೆ.

## ಹಂತ 3: ಸೋಪು ಇರುವ ಜಾಗ ಬದಲಾಯಿಸಿ

ಕೈ ತೊಳೆಯಬೇಕು ಎಂದು ಯಾರಿಗೆ ಗೊತ್ತಿಲ್ಲ? ಆದರೂ ತೊಳೆಯುವುದಿಲ್ಲ, ಯಾಕೆಂದರೆ ಸೋಪು ಇರುವುದು ಹಿಂದಿನ ಬಚ್ಚಲಲ್ಲಿ, ಮಗು ಉಚ್ಚೆ ಹೊಯ್ಯುವುದು ಮುಂದಿನ ಜಗಲಿಯಲ್ಲಿ. ಅಷ್ಟು ದೂರ ಹೋಗುವ ಬದಲು ಸೀರೆಗೋ ನೈಟಿಗೋ ಕೈ ಒರೆಸಿಕೊಂಡು ಒಗ್ಗರಣೆಗೆ ನಿಲ್ಲುವುದೇ ಸುಲಭ. ಆದ್ದರಿಂದ ಅಂಗಳದ ನಲ್ಲಿಗೆ ಒಂದು ಸೋಪನ್ನು ಬಲೆಚೀಲದಲ್ಲಿ ಕಟ್ಟಿ ತೂಗುಹಾಕಿ. ಅಡುಗೆಮನೆಯ ಸಿಂಕಿನಲ್ಲಿ ಒಂದು, ಬಚ್ಚಲಲ್ಲಿ ಒಂದು. ಮಗುವಿನ ಬಟ್ಟೆ ಬದಲಿಸುವ ಜಾಗದ ಹತ್ತಿರ ನೀರಿಲ್ಲದಿದ್ದರೆ ಒಂದು ಬಾಲ್ದಿ ಮತ್ತು ಚೊಂಬು ಇಡಿ.

ಯಾವಾಗ ತೊಳೆಯಬೇಕು: ಚಡ್ಡಿ ಅಥವಾ ಡೈಪರ್ ಬದಲಿಸಿದ ಮೇಲೆ, ಉಚ್ಚೆ ಒರೆಸಿದ ಮೇಲೆ, ಮೂಗು ಅಥವಾ ಜೊಲ್ಲು ಒರೆಸಿದ ಮೇಲೆ, ಮಗುವಿಗೆ ಉಣಿಸಿದ ಮೇಲೆ, ಅದು ಬಾಯಿಗೆ ಹಾಕಿದ ಆಟಿಕೆ ಎತ್ತಿಟ್ಟ ಮೇಲೆ. ಮಣ್ಣು ಮುಟ್ಟಿದ ಮೇಲೆ, ಹಸಿ ಮಾಂಸ ಮುಟ್ಟಿದ ಮೇಲೆ, ನೀವು ಉಣ್ಣುವ ಮೊದಲು. ನೊರೆ ಬರಿಸಿ, ಬೆರಳ ಸಂದಿ, ಉಗುರಿನ ಬುಡ ಎಲ್ಲ ಸೇರಿ 15–20 ಸೆಕೆಂಡು. ಉಗುರು ಕತ್ತರಿಸಿಕೊಂಡಿರಲಿ.

ಕೊರೊನಾ ಕಾಲದಿಂದ ಉಳಿದ ಸ್ಯಾನಿಟೈಸರ್ ಬಾಟಲಿ ಬಗ್ಗೆ ಒಂದು ಮಾತು. ಸಿಎಂವಿಯನ್ನು ಅದು ಕೊಲ್ಲುತ್ತದೆ, ಬಸ್ಸಲ್ಲಿ ಹೋಗುವಾಗ ಮಗುವಿನ ಮೂಗು ಒರೆಸಿದರೆ ಬಳಸಿ. ಟಾಕ್ಸೊಪ್ಲಾಸ್ಮಾದ ಗಟ್ಟಿ ಚಿಪ್ಪಿನ ಕಣಕ್ಕೆ ಮಾತ್ರ ಅದು ಏನೂ ಮಾಡುವುದಿಲ್ಲ. ಮಣ್ಣಿನ ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಮಣ್ಣೇ ಒದ್ದೆಯಾಗುವುದು. ಅಲ್ಲಿ ಸೋಪು ಮತ್ತು ಹರಿಯುವ ನೀರು ಬೇಕೇ ಬೇಕು, ಯಾಕೆಂದರೆ ಕೊಲ್ಲುವುದು ಆಗದಿದ್ದರೂ ತೊಳೆದು ಕಳಿಸುವುದು ಆಗುತ್ತದೆ.

## ಹಂತ 4: ಬೆಕ್ಕು ಇರಲಿ, ಹೊಯ್ಗೆ ಮುಚ್ಚಿ

ಬೆಕ್ಕನ್ನು ಓಡಿಸಬೇಕಾಗಿಲ್ಲ. ಓಡಿಸಿದರೂ ಪಕ್ಕದ ತೋಟದ ಬೆಕ್ಕು ಬಂದು ಅದೇ ರಾಶಿಯಲ್ಲಿ ಕೆರೆಯುತ್ತದೆ, ಜೊತೆಗೆ ಅಡಿಕೆ ಅಟ್ಟದಲ್ಲಿ ಇಲಿ ಜಾಸ್ತಿ ಆಗುತ್ತದೆ. ಇಲ್ಲಿನ ಬೆಕ್ಕುಗಳಿಗೆ ಪೇಟೆಯ ಫ್ಲ್ಯಾಟಿನ ಹಾಗೆ ಟ್ರೇ ಇಲ್ಲ. ಇಡೀ ಅಂಗಳವೇ ಅದರ ಕಕ್ಕಸು. ಹಾಗಾಗಿ ಇಂಗ್ಲಿಷ್ ಪುಸ್ತಕದಲ್ಲಿ ‘ದಿನಾ ಟ್ರೇ ಬದಲಿಸಿ’ ಎಂದು ಬರೆದದ್ದು ನಮಗೆ ಹಾಗೇ ಹೊಂದುವುದಿಲ್ಲ.

ಮೊದಲು ಹಳೆ ಹೊಯ್ಗೆ ರಾಶಿಯನ್ನು ಗಂಡನೋ ಮಾವನೋ ನೋಡಲಿ. ಒಣಗಿದ ಹೊಯ್ಗೆಯನ್ನು ಹಾಗೇ ಕೆದಕಬಾರದು, ಧೂಳೆದ್ದು ಬಾಯಿಗೆ ಹೋಗುತ್ತದೆ. ಸ್ವಲ್ಪ ನೀರು ಚಿಮುಕಿಸಿ, ಗ್ಲೌಸ್ ಹಾಕಿ, ಕಂಡ ಕಕ್ಕವನ್ನೆಲ್ಲ ಸಲಿಕೆಯಲ್ಲಿ ತೆಗೆಯಲಿ. ಅದನ್ನು ಗೊಬ್ಬರಗುಂಡಿಗೆ ಹಾಕುವುದು ದೊಡ್ಡ ತಪ್ಪು, ಅದೇ ಗೊಬ್ಬರ ಬಸಳೆ ಬುಡಕ್ಕೆ ಹೋಗುತ್ತದಲ್ವಾ? ಬಾವಿಯಿಂದಲೂ ತರಕಾರಿ ಸಾಲಿನಿಂದಲೂ ದೂರ, ಮಳೆನೀರು ಹರಿದು ಹೋಗದ ಜಾಗದಲ್ಲಿ ಆಳವಾಗಿ ಹೂಳಬೇಕು. ಆಮೇಲೆ ರಾಶಿಯನ್ನು ಟಾರ್ಪಾಲಿನಿಂದ ಮುಚ್ಚಿ ಅಂಚಿಗೆ ಕಲ್ಲು ಇಡಿ. ಆ ಹೊಯ್ಗೆಯಲ್ಲಿ ಮಗು ಇನ್ನು ಆಡುವುದು ಬೇಡ, ಕಣ್ಣಿಗೆ ಶುಚಿ ಕಂಡರೂ ಬೇಡ. ಮಗು ಈಗಾಗಲೇ ಆಡಿ ಬಂದಿದ್ದರೆ ಅದರ ಕೈಯನ್ನೂ ಸೋಪು ಹಾಕಿ ತೊಳೆಸಿ. ಆ ಪುಟ್ಟ ಕೈ ನೇರ ಬರುವುದು ನಿಮ್ಮ ಬಾಯಿಗೇ.

ರಾಶಿ ಮುಚ್ಚಿದರೆ ಬೆಕ್ಕು ಇನ್ನೊಂದು ಜಾಗ ಹುಡುಕುತ್ತದೆ, ಸಾಮಾನ್ಯವಾಗಿ ಮೆತ್ತಗೆ ಅಗೆದ ತರಕಾರಿ ಸಾಲು. ಇಲ್ಲೇ ಹೆಚ್ಚಿನವರು ಎಡವುವುದು. ಹಾಗಾಗಿ ನೀವೇ ಜಾಗ ತೋರಿಸಿ: ಹಟ್ಟಿಯ ಹಿಂದೆ ಮಳೆ ಬೀಳದ ಮೂಲೆಯಲ್ಲಿ ಹಳೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಣ ಹೊಯ್ಗೆ ಅಥವಾ ಮರದ ಹುಡಿ ಹಾಕಿ ಇಡಿ. ದಿನಕ್ಕೊಮ್ಮೆ ಮನೆಯ ಬೇರೆ ಯಾರಾದರೂ ತೆಗೆಯಲಿ. ದಿನಾ ತೆಗೆದರೆ ಕಣ ಬಲಿಯುವ ಮೊದಲೇ ಹೋಗಿಬಿಡುತ್ತದೆ, ಲೆಕ್ಕ ಅಷ್ಟೇ. ಟಬ್ಬು ತೊಳೆಯಲು ಬಚ್ಚಲ ಹಂಡೆಯಲ್ಲಿ ನೀರನ್ನು ಕೊತಕೊತ ಕುದಿಸಿ ಸುರಿದು ಹತ್ತು ನಿಮಿಷ ಬಿಡಬೇಕು. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಘಮ್ಮೆನ್ನುತ್ತವೆ, ಆದರೆ ಈ ಕಣವನ್ನು ಕೊಲ್ಲುತ್ತವೆ ಎಂದು ನಂಬುವ ಹಾಗಿಲ್ಲ. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ನೀವೊಬ್ಬರೇ ಎಂದಾದರೆ ನೀವೇ ಮಾಡಬಹುದು: ಗ್ಲೌಸ್ ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ದಿನಾ ತಪ್ಪದೆ, ಆಮೇಲೆ ಗ್ಲೌಸನ್ನೂ ಕೈಯನ್ನೂ ಸೋಪಿನಲ್ಲಿ ತೊಳೆದು.

ಕೋಳಿ ಮಾಡಿದ ದಿನ ಕರುಳು, ಚರ್ಮ, ತುಂಡು ಮಾಂಸವನ್ನು ಹಸಿಯಾಗಿ ಬೆಕ್ಕಿಗೆ ಎಸೆಯುತ್ತೇವಲ್ಲ, ಅದನ್ನು ಬೇಯಿಸಿ ಹಾಕಿ. ಹೊಸ ಮರಿ ಸಾಕಲು ತರುವುದು ಈ ಒಂಬತ್ತು ತಿಂಗಳಲ್ಲಿ ಬೇಡ.

## ಹಂತ 5: ಸೊಪ್ಪು, ನೀರು, ಮಾಂಸ

ಬೇಯಿಸಿದ ಹರಿವೆ, ಬಸಳೆಯಿಂದ ಭಯವಿಲ್ಲ. ನಮ್ಮಲ್ಲಿ ಎಡವಟ್ಟಾಗುವುದು ಒಂದೆಲಗದ ತಂಬುಳಿಯಲ್ಲಿ. ತೋಟದ ಒದ್ದೆ ನೆಲದಲ್ಲಿ, ಮಣ್ಣಿಗೆ ಅಂಟಿಕೊಂಡೇ ಹರಡುವ ಸೊಪ್ಪು ಅದು, ಅದನ್ನು ಕಿತ್ತು ಒಮ್ಮೆ ನೀರಲ್ಲಿ ಅದ್ದಿ ಹಸಿಯಾಗಿಯೇ ಕಾಯಿಯ ಜೊತೆ ಅರೆಯುತ್ತೇವೆ. ಬಸುರಿಗೆ ಒಳ್ಳೆಯದು ಎಂದು ಅಜ್ಜಿಯರು ಅದನ್ನೇ ಹುಡುಕಿ ತರುತ್ತಾರೆ. ತಂಬುಳಿ ಬಿಡಬೇಕಾಗಿಲ್ಲ. ಸೊಪ್ಪನ್ನು ನಾಲ್ಕೈದು ಸಲ ನೀರು ಬದಲಿಸಿ ತೊಳೆದು, ಸ್ವಲ್ಪ ನೀರಿನಲ್ಲಿ ಚೆನ್ನಾಗಿ ಕುದಿಸಿ, ಆಮೇಲೆ ಅರೆಯಿರಿ. ಕೊತ್ತಂಬರಿ ಸೊಪ್ಪನ್ನು ಸಾರು ಇಳಿಸಿದ ಮೇಲೆ ಹಾಕುವ ಬದಲು ಕುದಿಯುವಾಗಲೇ ಹಾಕಿ. ಮುಳ್ಳುಸೌತೆ, ಕ್ಯಾರೆಟ್ ತೊಳೆದು ಸಿಪ್ಪೆ ತೆಗೆದು ತಿನ್ನಿ. ಉಪ್ಪು ನೀರು, ಅರಸಿನ ನೀರು, ವಿನೆಗರ್, ಯಾವುದೂ ಆ ಕಣವನ್ನು ಕೊಲ್ಲುವುದಿಲ್ಲ. ಹರಿಯುವ ನೀರಿನಲ್ಲಿ ಉಜ್ಜಿ ತೆಗೆಯುವುದು, ಇಲ್ಲವೇ ಬೇಯಿಸುವುದು.

ಬಾವಿಗೆ ಆರೋಗ್ಯ ಇಲಾಖೆಯವರು ಬಂದು ಕ್ಲೋರಿನ್ ಹಾಕಿ ಹೋಗುತ್ತಾರೆ. ವಾಂತಿಭೇದಿಯ ರೋಗಾಣುಗಳಿಗೆ ಅದು ಒಳ್ಳೆಯದು, ಟಾಕ್ಸೊಪ್ಲಾಸ್ಮಾಕ್ಕೆ ಸಾಲದು. ಕುಡಿಯುವ ನೀರನ್ನು ಕುದಿಸಿ. ಜೀರಿಗೆ ಹಾಕಿ ಕುದಿಸುವ ನಮ್ಮ ಪದ್ಧತಿ ಸಾಕು, ಆದರೆ ಮಳಯಾಳಿ ಹೋಟೆಲಿನ ಬಿಸಿನೀರಿನ ಹಾಗೆ ಕುದಿಸಿದ್ದಕ್ಕೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿದರೆ ಕುದಿಸಿದ್ದೂ ವ್ಯರ್ಥ. ಆಡಿನ ಹಾಲು ಕುಡಿಯುವವರು ಕುದಿಸಿಯೇ ಕುಡಿಯಿರಿ.

ಮಾಂಸ ತಿನ್ನುವವರಿಗೆ: ಮನೆಯ ಸಾರಿನಲ್ಲಿ ಅರ್ಧ ಗಂಟೆ ಕುದಿದ ಕೋಳಿಯಿಂದ ತೊಂದರೆಯಿಲ್ಲ. ಸಂಶಯ ಪಡಬೇಕಾದ್ದು ಕೆಂಡದಲ್ಲಿ ಸುಟ್ಟ ಅಲ್‌ಫಹಮ್‌ನಂಥದ್ದನ್ನು, ಹೊರಗೆ ಕಪ್ಪಾಗಿ ಎಲುಬಿನ ಹತ್ತಿರ ಕೆಂಪಾಗಿ ಉಳಿದಿರುತ್ತದೆ. ಬಿಡಿಸಿ ನೋಡಿ, ಕೆಂಪು ರಸ ಕಂಡರೆ ತಿನ್ನಬೇಡಿ. ಹಸಿ ಮಾಂಸ ಕೊಚ್ಚಿದ ಹಲಗೆ, ಕತ್ತಿಯಲ್ಲಿ ತೊಳೆಯದೆ ನೀರುಳ್ಳಿ ಹೆಚ್ಚುವುದೂ ಅದೇ ಅಪಾಯ.

ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುವುದು, ಕಳೆ ಕೀಳುವುದು ಇದ್ದರೆ ಗ್ಲೌಸ್ ಹಾಕಿ. ಮಧ್ಯದಲ್ಲಿ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಬೇಡವೇ ಬೇಡ.

## ಹಂತ 6: ಲ್ಯಾಬಿನ ಚೀಟಿಯನ್ನು ಒಬ್ಬರೇ ಓದಬೇಡಿ

ಟಾಕ್ಸೊಪ್ಲಾಸ್ಮಾ, ಸಿಎಂವಿಯಂಥ ಸೋಂಕುಗಳನ್ನು ಒಟ್ಟಿಗೆ ನೋಡುವ ಟಾರ್ಚ್ ಎಂಬ ರಕ್ತಪರೀಕ್ಷೆ ಎಲ್ಲ ಬಸುರಿಯರಿಗೂ ಬೇಕಾದ್ದಲ್ಲ. ಡಾಕ್ಟರು ಕಾರಣ ನೋಡಿ ಬರೆಯುತ್ತಾರೆ. ಆದರೆ ಪೇಟೆಯ ಲ್ಯಾಬಿಗೆ ನೇರ ಹೋಗಿ ‘ಯಾವುದಕ್ಕೂ ಇರಲಿ’ ಎಂದು ಮಾಡಿಸಿಕೊಂಡು ಬರುವವರು ಬಹಳ.

ನಮ್ಮ ಬದಿಯಡ್ಕದ ಹೆಂಗಸೂ ಹಾಗೇ ಮಾಡಿಸಿದಳು ಎಂದಿಟ್ಟುಕೊಳ್ಳಿ. 11ನೇ ವಾರ. ಚೀಟಿಯಲ್ಲಿ ಟಾಕ್ಸೊ ಐಜಿಜಿ ಪಾಸಿಟಿವ್, ಐಜಿಎಂ ಕೂಡ ಪಾಸಿಟಿವ್. ಎರಡೂ ಸೋಂಕಿನ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯಗಳು. ಐಜಿಎಂ ಅಂದರೆ ಹೊಸ ಸೋಂಕು ಎಂದು ಲ್ಯಾಬಿನ ಹುಡುಗ ಹೇಳಿದ. ಮನೆಯಲ್ಲಿ ಗರ್ಭ ತೆಗೆಸುವ ಮಾತು ಶುರುವಾಯಿತು. ಇಲ್ಲಿ ತಡೆಯಿರಿ. ಟಾಕ್ಸೊ ಐಜಿಎಂ ಒಮ್ಮೆ ಬಂದರೆ ಕೆಲವರಲ್ಲಿ ವರ್ಷ ಕಳೆದರೂ ರಕ್ತದಲ್ಲಿ ಉಳಿಯುತ್ತದೆ, ಕೆಲವೊಮ್ಮೆ ಸುಳ್ಳು ಪಾಸಿಟಿವ್ ಕೂಡ ಬರುತ್ತದೆ. ಅದೊಂದನ್ನೇ ಹಿಡಿದು ಯಾವ ತೀರ್ಮಾನವನ್ನೂ ಮಾಡಬಾರದು.

ಮುಂದಿನ ಪರೀಕ್ಷೆ ಐಜಿಜಿ ಎವಿಡಿಟಿ. ಸೋಂಕು ಹಳೆಯದಾದಷ್ಟೂ ಐಜಿಜಿಯ ಹಿಡಿತ ಬಿಗಿಯಾಗುತ್ತದೆ, ಈ ಪರೀಕ್ಷೆ ಅಳೆಯುವುದು ಆ ಹಿಡಿತವನ್ನು. ಇವಳದ್ದು ‘ಹೈ’ ಬಂತು ಎಂದುಕೊಳ್ಳಿ. ಹೈ ಎಂದರೆ ಸೋಂಕು ತಗಲಿ ಸುಮಾರು ನಾಲ್ಕು ತಿಂಗಳಾದರೂ ಆಗಿದೆ. ಅವಳಿಗೆ ಆಗಿರುವುದು 11 ವಾರ, ಅಂದರೆ ಮೂರು ತಿಂಗಳೂ ಇಲ್ಲ. ಹಾಗಾದರೆ ಸೋಂಕು ಬಸಿರಿಗಿಂತ ಮೊದಲಿನದು, ಮಗುವಿಗೆ ಚಿಂತೆಯಿಲ್ಲ. ಇದೇ ‘ಹೈ’ 28ನೇ ವಾರದಲ್ಲಿ ಬಂದಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಯಾಕೆಂದರೆ ನಾಲ್ಕು ತಿಂಗಳ ಹಿಂದೆಯೂ ಅವಳು ಬಸುರಿಯೇ. ಅದಕ್ಕೇ ಪರೀಕ್ಷೆ ಬೇಕೆಂದಾದರೆ ಬೇಗ ಮಾಡಿಸುವುದು ಒಳ್ಳೆಯದು. ‘ಲೋ’ ಬಂದರೂ ಹೊಸ ಸೋಂಕು ಖಚಿತ ಎಂದಲ್ಲ, ಕೆಲವರಲ್ಲಿ ಹಿಡಿತ ತಿಂಗಳುಗಟ್ಟಲೆ ಸಡಿಲವಾಗಿಯೇ ಇರುತ್ತದೆ. ಆಗ ಎರಡು ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟು ಹೋಲಿಸುತ್ತಾರೆ. ಸಿಎಂವಿಗೂ ಇದೇ ರೀತಿಯ ಎವಿಡಿಟಿ ಪರೀಕ್ಷೆ ಇದೆ.

ನಿಜಕ್ಕೂ ಹೊಸ ಟಾಕ್ಸೊ ಸೋಂಕು ಎಂದಾದರೆ ಸ್ಪೈರಾಮೈಸಿನ್ ಎಂಬ ಮಾತ್ರೆಯಿಂದ ಚಿಕಿತ್ಸೆ ಶುರು ಮಾಡುವುದುಂಟು. ಮಗುವಿಗೆ ದಾಟಿದೆಯೇ ಎಂದು ನೋಡಲು 18ನೇ ವಾರದ ನಂತರ ಗರ್ಭನೀರು ತೆಗೆದು ರೋಗಾಣುವಿನ ಗುರುತು ಹುಡುಕುವ ಪಿಸಿಆರ್ ಪರೀಕ್ಷೆ ಮಾಡುತ್ತಾರೆ, ದಾಟಿದ್ದರೆ ಬೇರೆ ಔಷಧಿ ಇದೆ. ಮೊದಲ ಮೂರು ತಿಂಗಳಲ್ಲಿ ದಾಟುವುದು ನೂರಕ್ಕೆ 10–15, ಆದರೆ ದಾಟಿದರೆ ಪೆಟ್ಟು ಜೋರು. ಕೊನೆಯ ಮೂರು ತಿಂಗಳಲ್ಲಿ ದಾಟುವುದು 60ಕ್ಕೂ ಮೇಲೆ, ಪೆಟ್ಟು ಹೆಚ್ಚಾಗಿ ಕಡಿಮೆ. ಈ ತೀರ್ಮಾನಗಳೆಲ್ಲ ಭ್ರೂಣದ ವಿಷಯ ತಿಳಿದ ಡಾಕ್ಟರರ ಹತ್ತಿರ ಆಗಬೇಕು, ಮಂಗಳೂರಿಗೆ ಹೋಗಬೇಕಾದರೂ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗುವುದು ಬೇಡ.

## ಹಂತ 7: ಯಾವುದನ್ನು ಕಂಡರೆ ಡಾಕ್ಟರಿಗೆ ಹೇಳಬೇಕು

ಎರಡು ಸೋಂಕೂ ಹೆಚ್ಚಿನ ತಾಯಂದಿರಲ್ಲಿ ಸದ್ದಿಲ್ಲದೆ ಬಂದು ಹೋಗುತ್ತವೆ. ಕೆಲವರಿಗೆ ಸಣ್ಣ ಜ್ವರ, ಮೈಕೈ ನೋವು, ವಾರಗಟ್ಟಲೆ ಬಿಡದ ಸುಸ್ತು, ಕುತ್ತಿಗೆಯಲ್ಲಿ ಗೆಡ್ಡೆಯಂತೆ ಕೈಗೆ ಸಿಗುವ ಗಂಟು. ಜ್ವರದ ಜೊತೆ ಗಂಟು ಕಂಡರೆ ‘ಮಳೆಗಾಲದ ಜ್ವರ’ ಎಂದು ಬಿಡಬೇಡಿ. ಹೇಳುವಾಗ ಮನೆಯಲ್ಲಿ ಬೆಕ್ಕಿನ ಮರಿ ಇದೆ, ಚಿಕ್ಕ ಮಗು ಇದೆ, ತೋಟದ ಕೆಲಸ ಮಾಡುತ್ತೇನೆ ಎಂಬುದನ್ನೂ ಹೇಳಿ, ಡಾಕ್ಟರು ಕೇಳದಿದ್ದರೂ.

18–20 ವಾರದ ಸ್ಕ್ಯಾನನ್ನು ತಪ್ಪಿಸಬೇಡಿ. ತಲೆಯೊಳಗೆ ನೀರು ಹೆಚ್ಚು, ಮೆದುಳಿನಲ್ಲಿ ಸುಣ್ಣದ ಚುಕ್ಕೆ, ಮಗುವಿನ ಬೆಳವಣಿಗೆ ಕಡಿಮೆ ಎಂದು ಬರೆದಿದ್ದರೆ ಅಲ್ಲಿಂದ ಈ ಎರಡರ ವಿಚಾರಣೆ ಶುರುವಾಗಬೇಕು. ಸ್ಕ್ಯಾನ್ ಸರಿ ಇದೆ ಎಂದ ಮಾತ್ರಕ್ಕೆ ಸೋಂಕು ಇಲ್ಲವೆಂದಲ್ಲ, ಕಿವಿ ಕೇಳುತ್ತದೋ ಇಲ್ಲವೋ ಸ್ಕ್ಯಾನಿನಲ್ಲಿ ಕಾಣುವುದಿಲ್ಲ.

## ಹಂತ 8: ಹೆರಿಗೆಯಾದ ಮೇಲೆ 21 ದಿನ

ಎಲ್ಲಕ್ಕಿಂತ ಜಾಸ್ತಿ ಕೈತಪ್ಪುವುದು ಇದು. ಸಿಎಂವಿ ಸೋಂಕಿನೊಂದಿಗೆ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ನೋಡಲು ಪೂರ್ತಿ ಆರೋಗ್ಯವಾಗಿರುತ್ತವೆ. ಕೆಲವು ಮಕ್ಕಳಿಗೆ ಕಿವಿ ಮಂದವಾಗುವುದು ಆಮೇಲೆ, ತಿಂಗಳುಗಳು ವರ್ಷಗಳು ಕಳೆದ ಮೇಲೆ.

ಮಗುವಿಗೆ ಗರ್ಭದಲ್ಲೇ ಸಿಎಂವಿ ತಗಲಿತ್ತೇ ಎಂದು ಖಚಿತವಾಗಿ ಹೇಳಲು ಹುಟ್ಟಿದ 21 ದಿನದೊಳಗೆ ಮಗುವಿನ ಉಚ್ಚೆ ಅಥವಾ ಜೊಲ್ಲಿನ ಪಿಸಿಆರ್ ಆಗಬೇಕು. ಆಮೇಲೆ ಪಾಸಿಟಿವ್ ಬಂದರೆ ಅದು ಗರ್ಭದಲ್ಲಿ ಬಂದದ್ದೋ, ಹೆರಿಗೆಯಲ್ಲಿ ಅಥವಾ ಎದೆಹಾಲಿನಿಂದ ಬಂದದ್ದೋ ಬೇರ್ಪಡಿಸಲು ಆಗುವುದಿಲ್ಲ. ದಿನ ತುಂಬಿ ಹುಟ್ಟಿದ ಮಗುವಿಗೆ ಹಾಲಿನಿಂದ ಬಂದದ್ದು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ, ಹಾಲು ನಿಲ್ಲಿಸಬೇಡಿ.

ನಮ್ಮಲ್ಲಿ ಏನಾಗುತ್ತದೆ ನೋಡಿ. ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡಿ ‘ರೆಫರ್’ ಎಂದು ಬರೆಯುತ್ತಾರೆ, ಅಂದರೆ ಪಾಸಾಗಿಲ್ಲ, ಮತ್ತೆ ನೋಡಬೇಕು. ಕಿವಿಯಲ್ಲಿ ನೀರು ಇರಬಹುದು, ಆಮೇಲೆ ಸರಿಹೋಗುತ್ತದೆ ಎಂದು ಯಾರೋ ಹೇಳುತ್ತಾರೆ. ನಿಜವೂ ಆಗಿರಬಹುದು. ತಾಯಿ ಮಗು ತವರಿಗೆ ಹೋಗುತ್ತಾರೆ. ಎಣ್ಣೆ ನೀರು, ತೊಟ್ಟಿಲು ಶಾಸ್ತ್ರ, ಬಾಣಂತಿ ಹೊರಗೆ ಗಾಳಿಗೆ ಹೋಗಬಾರದು. ಮುಂದಿನ ಸೂಜಿ ಆರು ವಾರಕ್ಕೆ, ಆಗಲೇ ತೋರಿಸಿದರಾಯಿತು ಎಂದು ಚೀಟಿ ಟ್ರಂಕಿನೊಳಗೆ ಸೇರುತ್ತದೆ. ಆರು ವಾರ ಅಂದರೆ 42 ದಿನ. 21 ಎಂದೋ ಕಳೆದಿರುತ್ತದೆ.

ಹಾಗಾಗಿ ಆಸ್ಪತ್ರೆಯಿಂದ ಬಿಡುವ ದಿನ ಮೂರು ಕೇಳಿ. ಕಿವಿ ಪರೀಕ್ಷೆ ಆಯಿತಾ? ಎರಡೂ ಕಿವಿ ಪಾಸಾ? ಪಾಸಾಗದಿದ್ದರೆ ಸಿಎಂವಿ ಪಿಸಿಆರ್ ಎಲ್ಲಿ, ಯಾವ ದಿನದೊಳಗೆ? ಮಗು ತುಂಬ ಸಣ್ಣದಿದ್ದರೆ, ತಲೆ ಸುತ್ತಳತೆ ಕಡಿಮೆ ಇದ್ದರೆ, ಕಾಮಾಲೆ ಬಿಡದಿದ್ದರೆ, ಮೈಮೇಲೆ ಕೆಂಪು ನೇರಳೆ ಚುಕ್ಕೆ ಕಂಡರೆ ಕಿವಿ ಪಾಸಾದರೂ ಈ ಪ್ರಶ್ನೆ ಕೇಳಿ. ತೀವ್ರ ಲಕ್ಷಣವಿರುವ ಮಕ್ಕಳಿಗೆ ಮೊದಲ ತಿಂಗಳೊಳಗೆ ವಾಲ್‌ಗ್ಯಾನ್ಸಿಕ್ಲೊವಿರ್ ಎಂಬ ಔಷಧಿ ಶುರು ಮಾಡಿ ಆರು ತಿಂಗಳು ಕೊಡುತ್ತಾರೆ, ಅದಕ್ಕೂ ಈ ಗಡುವು ಮುಖ್ಯ. ತಾಯಿಗೆ ಬಸುರಿಯಲ್ಲಿ ಟಾಕ್ಸೊ ಆಗಿತ್ತು ಎಂದು ಗೊತ್ತಿದ್ದರೆ ಮಗುವಿನ ಕಣ್ಣಿನ ಒಳಪರದೆಯನ್ನು ಕಣ್ಣಿನ ಡಾಕ್ಟರು ನೋಡಬೇಕು, ಅದೂ ಒಂದೇ ಸಲ ಅಲ್ಲ, ಕಲೆ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು.

ಸಿಎಂವಿ ಇದೆ ಎಂದು ಗೊತ್ತಾದ ಮಗು ಮೊದಲ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಶಾಲೆಗೆ ಸೇರುವವರೆಗೆ ಆಗಾಗ ಕಿವಿ ತೋರಿಸುತ್ತಿರಬೇಕು. ಮುಂದಿನ ತಾರೀಕನ್ನು ತಾಯಿ ಕಾರ್ಡಿನಲ್ಲೇ, ಸೂಜಿಯ ತಾರೀಕಿನ ಪಕ್ಕದಲ್ಲಿ, ಪೆನ್ನಿನಲ್ಲಿ ಬರೆಸಿಕೊಳ್ಳಿ. ತವರಿಗೆ ಹೋಗುವಾಗ ಆ ಕಾರ್ಡು ಗಂಡನ ಮನೆಯ ಬೀರುವಿನಲ್ಲಿ ಉಳಿಯದಿರಲಿ.